ಪದಗಳ ಗುಂಪು ಹುಡುಕುವ ಮೂರು ಪರೀಕ್ಷೆಗಳು: ಪದವಿ ತರಗತಿಗೆ ಒಂದು ಪಾಠದ ಸ್ಕ್ರಿಪ್ಟ್

ವಾಕ್ಯರಚನೆಯ ಮೊದಲ ಪಾಠ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಭಾಷಾಶಾಸ್ತ್ರವನ್ನು ಹೊಸದಾಗಿ ಓದುತ್ತಿರುವವರೂ ಕೈಯಲ್ಲೊಂದು ಪೆನ್ನು ಹಿಡಿದುಕೊಂಡು ಇದನ್ನು ತಾವೇ ಮಾಡಿ ನೋಡಬಹುದು. ಒಂದು ತರಗತಿಯ ಸಮಯ ಸಾಕು. ಬೋರ್ಡು, ಎರಡು ಬಣ್ಣದ ಸೀಮೆಸುಣ್ಣ, ಎರಡು ವಾಕ್ಯ ಇದ್ದರೆ ಆಯಿತು. ಜಾಸ್ತಿ ವಾಕ್ಯ ತರಬೇಡಿ. ಒಂದೇ ವಾಕ್ಯವನ್ನು ಮೂರು ಸಲ ಬೇರೆ ಬೇರೆ ಕಡೆಯಿಂದ ಹಿಂಡಿದಾಗ ಸಿಗುವುದು, ಮೂವತ್ತು ವಾಕ್ಯ ತೋರಿಸಿದರೂ ಸಿಗುವುದಿಲ್ಲ.

ಇನ್ನೊಂದು ಮಾತು. ಉದಾಹರಣೆಗಳು ಕನ್ನಡದಲ್ಲೇ ಇರಲಿ. ಮೊದಲ ವರ್ಷಗಳಲ್ಲಿ ನಾನು ಇಂಗ್ಲಿಷ್ ವಾಕ್ಯಗಳಿಂದ ಪಾಠ ಶುರು ಮಾಡುತ್ತಿದ್ದೆ. ವಿದ್ಯಾರ್ಥಿಗಳು ಚೆನ್ನಾಗಿ ಬರೆದುಕೊಳ್ಳುತ್ತಿದ್ದರು, ಆದರೆ ಯಾರೂ ವಾದ ಮಾಡುತ್ತಿರಲಿಲ್ಲ. ಈ ಪಾಠಕ್ಕೆ ವಾದ ಬೇಕು. ಒಂದು ವಾಕ್ಯ ಸರಿಯೋ ತಪ್ಪೋ ಎಂದು ಹೇಳುವ ಹಕ್ಕು ತಮಗಿದೆ ಎಂದು ಅವರಿಗೆ ಅನಿಸುವುದು ಅವರ ಮಾತಿನಲ್ಲೇ.

ಮೊದಲ ಹೆಜ್ಜೆ: ವಾಕ್ಯ ಬರೆದು, ಕತ್ತರಿಸಲು ಹೇಳಿ

ಬೋರ್ಡಿನ ಮೇಲೆ ಇದನ್ನು ಬರೆಯಿರಿ:

ನನ್ನ ತಂಗಿ ಆ ಹಳೇ ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟಳು.

ಒಟ್ಟು ಎಂಟು ಪದ. ತರಗತಿಗೆ ಹೀಗೆ ಹೇಳಿ: "ಈ ವಾಕ್ಯವನ್ನು ನಾಲ್ಕು ತುಂಡು ಮಾಡಬೇಕು. ಎಲ್ಲಿ ಕತ್ತರಿಸುತ್ತೀರಿ? ಪುಸ್ತಕ ನೋಡಬೇಡಿ, ಕಿವಿಗೆ ಕೇಳಿದಂತೆ ಗೆರೆ ಹಾಕಿ."

ಹೆಚ್ಚಿನವರು ಒಂದೇ ಥರ ಗೆರೆ ಹಾಕುತ್ತಾರೆ: ನನ್ನ ತಂಗಿ | ಆ ಹಳೇ ಪೆಟ್ಟಿಗೆಯನ್ನು | ಮಂಚದ ಕೆಳಗೆ | ಇಟ್ಟಳು. "ತಂಗಿ ಆ" ಎಂದು ಯಾರೂ ತುಂಡು ಮಾಡುವುದಿಲ್ಲ. ಆ ಎರಡು ಪದ ಪಕ್ಕಪಕ್ಕದಲ್ಲೇ ಇವೆ, ಆದರೂ ಮಾಡುವುದಿಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಯಾಕೆ ಮಾಡಲಿಲ್ಲ ಎಂದು ಕೇಳಿ. "ಅರ್ಥ ಬರಲ್ಲ ಸಾರ್", "ಅದು ಸೇರಲ್ಲ" ಎಂಬ ಉತ್ತರ ಬರುತ್ತದೆ. ಅದು ಸರಿಯಾದ ಉತ್ತರವೇ. ಆದರೆ ಹಾಗೆ ಅನಿಸಿತು ಎಂದರೆ ಸಾಲದು, ತೋರಿಸಬೇಕು.

ಈಗ ಹೆಸರು ಕೊಡಿ. ವಾಕ್ಯದೊಳಗೆ ಒಂದಾಗಿ ನಡೆದುಕೊಳ್ಳುವ ಪದಗಳ ಗುಂಪಿಗೆ ಘಟಕ ಎನ್ನೋಣ. ಪಠ್ಯಗಳಲ್ಲಿ ಇದಕ್ಕೆ ಕಾನ್‌ಸ್ಟಿಟ್ಯುಯೆಂಟ್ ಎಂಬ ಹೆಸರಿದೆ. ವಾಕ್ಯವನ್ನು ಹೀಗೆ ತುಂಡು ತುಂಡಾಗಿ ಬಿಡಿಸುವ ದಾರಿಯನ್ನು 1933ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ ತೋರಿಸಿದರು. ಇತಿಹಾಸ ಇಷ್ಟು ಸಾಕು, ಮುಂದೆ ಹೋಗಿ.

ಬೋರ್ಡಿನ ಮೂಲೆಯಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿಡಿ: *. ಯಾವ ವಾಕ್ಯದ ಮುಂದೆ ಇದು ಇರುತ್ತದೋ, ಅದು ಕನ್ನಡ ಮಾತಾಡುವವರ ಕಿವಿಗೆ ಒಗ್ಗದ ವಾಕ್ಯ ಎಂದರ್ಥ.

ಎರಡನೇ ಹೆಜ್ಜೆ: ಬದಲಿ ಇಟ್ಟು ನೋಡುವುದು

ಮೊದಲ ಪರೀಕ್ಷೆ ತುಂಬ ಸುಲಭ. ಗುಂಪನ್ನು ತೆಗೆದು, ಆ ಜಾಗದಲ್ಲಿ ಒಂದೇ ಪದ ಇಡಿ. ವಾಕ್ಯ ನಿಂತರೆ ಅದು ಘಟಕ.

ಅವಳು ಆ ಹಳೇ ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟಳು.
ನನ್ನ ತಂಗಿ ಅದನ್ನು ಮಂಚದ ಕೆಳಗೆ ಇಟ್ಟಳು.
ನನ್ನ ತಂಗಿ ಆ ಹಳೇ ಪೆಟ್ಟಿಗೆಯನ್ನು ಅಲ್ಲಿ ಇಟ್ಟಳು.

ಮೂರೂ ಬದಲಿಗಳನ್ನು ಒಟ್ಟಿಗೆ ಇಟ್ಟರೆ, "ಅವಳು ಅದನ್ನು ಅಲ್ಲಿ ಇಟ್ಟಳು" ಎಂಬ ಪುಟ್ಟ ವಾಕ್ಯವೇ ಉಳಿಯುತ್ತದೆ. ಇದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಎಂಟು ಪದಗಳ ಒಳಗಿದ್ದ ಅಸ್ಥಿಪಂಜರ ಇದೇ. ಇನ್ನು "ತಂಗಿ ಆ" ಎಂಬ ಜೋಡಿಯ ಬದಲು ಇಡಲು ಯಾವ ಪದ ಇದೆ? ಹುಡುಕಲಿ. ಒಂದು ನಿಮಿಷ ಬಿಡಿ. ಸಿಗುವುದಿಲ್ಲ.

ಇಲ್ಲೇ ಒಂದು ಒಳ್ಳೆಯ ತೊಡಕು ಬರುತ್ತದೆ. "ಹಳೇ ಪೆಟ್ಟಿಗೆಯನ್ನು" ಎಂಬುದಕ್ಕೆ ಬದಲಾಗಿ "ಅದನ್ನು" ಇಟ್ಟು ನೋಡಿ:

*ನನ್ನ ತಂಗಿ ಆ ಅದನ್ನು ಮಂಚದ ಕೆಳಗೆ ಇಟ್ಟಳು.

ವಾಕ್ಯ ಬಿದ್ದಿತು. ಹಾಗಾದರೆ "ಹಳೇ ಪೆಟ್ಟಿಗೆ" ಘಟಕವಲ್ಲ ಎನ್ನಬಹುದೇ? ವಿದ್ಯಾರ್ಥಿಗಳು ಹೌದು ಎನ್ನುತ್ತಾರೆ. ತಡೆಯಿರಿ. "ಅದು" ಎಂಬ ಪದವನ್ನೇ ಬಿಡಿಸಿ ತೋರಿಸಿ. ಅದರೊಳಗೆ ತೋರಿಸುವ ಅಂಶ ಆಗಲೇ ಕೂತಿದೆ. ಅದು, ಇದು, ಅವನು, ಇವನು ಎಂದು ಪಕ್ಕಪಕ್ಕದಲ್ಲಿ ಬರೆದರೆ ಕಣ್ಣಿಗೇ ಕಾಣುತ್ತದೆ. ಆದ್ದರಿಂದ "ಅದು" ಎಂಬುದು "ಆ" ಸೇರಿದ ಇಡೀ ಗುಂಪಿನ ಜಾಗಕ್ಕೆ ಮಾತ್ರ ಬರಬಲ್ಲದು. ಇಲ್ಲಿ ಸೋತಿದ್ದು ಗುಂಪಲ್ಲ, ನಾವು ಆರಿಸಿದ ಬದಲಿ ಪದ.

ಇದನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಯಿಸಿ: ಪರೀಕ್ಷೆ ಪಾಸಾದರೆ ಅದು ಘಟಕ ಎನ್ನಲು ಒಂದು ಪುರಾವೆ ಸಿಕ್ಕಿತು. ಫೇಲಾದರೆ ಘಟಕವಲ್ಲ ಎಂದು ಸಿದ್ಧವಾಗಲಿಲ್ಲ, ಬೇರೆ ಪರೀಕ್ಷೆ ಮಾಡಬೇಕು. ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದೇ. ಒಂದು ನಕ್ಷತ್ರ ಹಾಕಿ, ಘಟಕವಲ್ಲ ಎಂದು ಬರೆದು ಮುಗಿಸಿಬಿಡುತ್ತಾರೆ.

ಕ್ರಿಯಾಪದದ ಕಡೆಗೆ ಬನ್ನಿ. ಕನ್ನಡದಲ್ಲಿ ಅದಕ್ಕೂ ಬದಲಿ ಇದೆ: "ಹಾಗೆ ಮಾಡು".

ನನ್ನ ತಂಗಿ ಆ ಹಳೇ ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟಳು. ಅಣ್ಣನೂ ಹಾಗೇ ಮಾಡಿದ.

ಅಣ್ಣ ಏನು ಮಾಡಿದ? ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟ. ಅಂದರೆ "ಹಾಗೇ ಮಾಡಿದ" ಎಂಬುದು ವಾಕ್ಯದ ಕೊನೆಯ ಆರು ಪದಗಳನ್ನು ಒಟ್ಟಿಗೆ ನುಂಗಿತು. ಆ ಆರು ಪದ ಸೇರಿ ಒಂದು ಗುಂಪು. ಮೊದಲು ನಾವು ಅದನ್ನು ಮೂರು ತುಂಡು ಮಾಡಿದ್ದೆವು, ಅಲ್ವಾ? ಎರಡೂ ಸರಿ. ಗುಂಪಿನೊಳಗೆ ಗುಂಪು ಇರುತ್ತದೆ. ವಾಕ್ಯವನ್ನು ಕೊಂಬೆ ಕೊಂಬೆಯಾಗಿ ಬಿಡಿಸಿ ಮರದ ಚಿತ್ರ ಬರೆಯುವುದಕ್ಕೆ ಇದೇ ಕಾರಣ, ಆ ಚಿತ್ರ ಮುಂದಿನ ಪಾಠಕ್ಕಿರಲಿ.

ಈಗ ಇದನ್ನು ಕೇಳಿಸಿ:

*ನನ್ನ ತಂಗಿ ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟಳು, ಅಣ್ಣ ಬಾಗಿಲ ಹಿಂದೆ ಹಾಗೆ ಮಾಡಿದ.
ನನ್ನ ತಂಗಿ ನಿನ್ನೆ ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟಳು, ಅಣ್ಣ ಇವತ್ತು ಹಾಗೇ ಮಾಡಿದ.

ಸಮಯ ಹೇಳುವ ಪದ "ಹಾಗೆ ಮಾಡು" ಎಂಬುದರ ಹೊರಗೆ ನಿಲ್ಲಬಲ್ಲದು, "ಇಡು" ಕ್ರಿಯೆಯ ಜಾಗ ನಿಲ್ಲಲಾರದು. ಇಡುವುದು ಎಂದರೆ ಎಲ್ಲೋ ಒಂದು ಕಡೆ ಇಡಲೇಬೇಕು. ಆ ಜಾಗ ಕ್ರಿಯೆಗೆ ಅಂಟಿಕೊಂಡೇ ಇರುತ್ತದೆ.

ಮೂರನೇ ಹೆಜ್ಜೆ: ಸರಿಸಿ ನೋಡುವುದು

"ಕನ್ನಡದಲ್ಲಿ ಪದಗಳನ್ನು ಹೇಗೆ ಬೇಕಾದರೂ ಇಡಬಹುದು, ಅಲ್ವಾ?" ಎಂದು ಕೇಳಿ. ಎಲ್ಲರೂ ತಲೆ ಆಡಿಸುತ್ತಾರೆ. ಹಾಗಾದರೆ ಮಾಡಿ ನೋಡೋಣ.

ಆ ಹಳೇ ಪೆಟ್ಟಿಗೆಯನ್ನು ನನ್ನ ತಂಗಿ ಮಂಚದ ಕೆಳಗೆ ಇಟ್ಟಳು.
ಮಂಚದ ಕೆಳಗೆ ನನ್ನ ತಂಗಿ ಆ ಹಳೇ ಪೆಟ್ಟಿಗೆಯನ್ನು ಇಟ್ಟಳು.
*ಹಳೇ ನನ್ನ ತಂಗಿ ಆ ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟಳು.
*ಕೆಳಗೆ ನನ್ನ ತಂಗಿ ಆ ಹಳೇ ಪೆಟ್ಟಿಗೆಯನ್ನು ಮಂಚದ ಇಟ್ಟಳು.

ಸ್ವಾತಂತ್ರ್ಯ ಇರುವುದು ಪದಗಳಿಗಲ್ಲ, ಗುಂಪುಗಳಿಗೆ. ಈ ಒಂದು ಮಾತು ತಲೆಗೆ ಹೋದರೆ ಅರ್ಧ ಪಾಠ ಆದಂತೆ.

ಆಮೇಲೆ, ಬಾಯಿ ಬಿಟ್ಟು ಏನೂ ಹೇಳದೆ, ಇದನ್ನು ಬರೆಯಿರಿ:

ಪೆಟ್ಟಿಗೆಯನ್ನು ನನ್ನ ತಂಗಿ ಆ ಹಳೇ ಮಂಚದ ಕೆಳಗೆ ಇಟ್ಟಳು.

ಇದು ಸರಿಯಾದ ವಾಕ್ಯ. ನಾವು "ಪೆಟ್ಟಿಗೆಯನ್ನು" ಒಂದನ್ನೇ ಮುಂದಕ್ಕೆ ತಂದಿದ್ದೇವೆ. ಹಾಗಾದರೆ "ಆ ಹಳೇ" ಎಂಬುದನ್ನು ಹಿಂದೆ ಬಿಟ್ಟು ಪೆಟ್ಟಿಗೆ ಮಾತ್ರ ಸರಿಯಬಹುದೇ? ಒಂದಿಬ್ಬರು ಹೌದು ಎನ್ನುತ್ತಾರೆ. ಯಾರಾದರೂ ಒಬ್ಬರು ಹಿಡಿದೇ ಹಿಡಿಯುತ್ತಾರೆ: ಈಗ ಹಳೇದಾಗಿರುವುದು ಪೆಟ್ಟಿಗೆಯಲ್ಲ, ಮಂಚ. ವಾಕ್ಯ ಉಳಿಯಿತು, ಅರ್ಥ ಹೋಯಿತು. ಬೇರೆ ವಾಕ್ಯವೇ ಹುಟ್ಟಿತು. ಆದ್ದರಿಂದ ಸರಿಸುವ ಪರೀಕ್ಷೆ ಮಾಡುವಾಗ ಎರಡು ಪ್ರಶ್ನೆ ಕೇಳಬೇಕು. ಕಿವಿಗೆ ಸರಿ ಅನಿಸುತ್ತದೆಯೇ? ಮೊದಲಿನ ಅರ್ಥವೇ ಇದೆಯೇ? ಕನ್ನಡದಲ್ಲಿ ಎರಡನೇ ಪ್ರಶ್ನೆ ಮರೆತರೆ ಖಂಡಿತ ಮೋಸ ಹೋಗುತ್ತೇವೆ. "ಆ ಹಳೇ" ಎಂಬುದು ಮುಂದೆ ಯಾವ ಹೆಸರು ಸಿಕ್ಕರೂ ಅದಕ್ಕೆ ಅಂಟಿಕೊಂಡುಬಿಡುತ್ತದೆ.

ಮಾತಿನಲ್ಲಿ "ಪೆಟ್ಟಿಗೆ ಇಟ್ಟಳು ಮಂಚದ ಕೆಳಗೆ, ಹಳೇದು" ಎಂದು ಹೇಳುತ್ತೇವಲ್ಲ ಎಂದು ಕೇಳುವವರು ಇರುತ್ತಾರೆ. ಒಳ್ಳೆಯ ಪ್ರಶ್ನೆ. ಕೊನೆಗೆ ಬಂದಿದ್ದು "ಹಳೇ" ಅಲ್ಲ, "ಹಳೇದು". ಒಂಟಿಯಾಗಿ ನಿಲ್ಲಬೇಕಾದಾಗ ಅದು ತಾನೇ ಒಂದು ಪೂರ್ತಿ ಗುಂಪಾಗಿ ಬಂತು.

ಸರಿಸುವುದಕ್ಕೆ ಇನ್ನೊಂದು ದಾರಿ ಇದೆ, ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಕ್ರಿಯಾಪದವನ್ನು "ಇಟ್ಟಿದ್ದು" ಎಂದು ಮಾಡಿ, ಪರೀಕ್ಷಿಸಬೇಕಾದ ಗುಂಪನ್ನು ಅದರ ಆಚೆ ಇಡುವುದು.

ನನ್ನ ತಂಗಿ ಮಂಚದ ಕೆಳಗೆ ಇಟ್ಟಿದ್ದು ಆ ಹಳೇ ಪೆಟ್ಟಿಗೆಯನ್ನು.
ಆ ಹಳೇ ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟಿದ್ದು ನನ್ನ ತಂಗಿ.
*ನನ್ನ ತಂಗಿ ಆ ಪೆಟ್ಟಿಗೆಯನ್ನು ಮಂಚದ ಕೆಳಗೆ ಇಟ್ಟಿದ್ದು ಹಳೇ.

ಸರಿಸುವ ಪರೀಕ್ಷೆಗೂ ಮಿತಿ ಇದೆ. "ಆ ಹಳೇ ಪೆಟ್ಟಿಗೆಯನ್ನು ಮಂಚದ ಕೆಳಗೆ ನನ್ನ ತಂಗಿ ಇಟ್ಟಳು" ಎನ್ನಬಹುದು. ನೋಡಿದರೆ ಐದು ಪದ ಒಂದೇ ಗುಂಪಾಗಿ ಮುಂದೆ ಬಂದಂತೆ ಕಾಣುತ್ತದೆ. ಎರಡು ಗುಂಪು ಒಂದರ ಹಿಂದೆ ಒಂದು ಬಂದಿರಬಹುದು ಎಂಬ ಅನುಮಾನ ಬೇಕು. ಆಗ ನಡುವೆ ಏನಾದರೂ ತೂರಿಸಿ ನೋಡಿ: "ಆ ಹಳೇ ಪೆಟ್ಟಿಗೆಯನ್ನು ನಿನ್ನೆ ಮಂಚದ ಕೆಳಗೆ ನನ್ನ ತಂಗಿ ಇಟ್ಟಳು." "ನಿನ್ನೆ" ಸುಲಭವಾಗಿ ತೂರಿತು. ಆದರೆ "ಹಳೇ" ಮತ್ತು "ಪೆಟ್ಟಿಗೆ" ನಡುವೆ ತೂರುವುದಿಲ್ಲ. ಅಲ್ಲದೆ ಈ ಐದು ಪದಕ್ಕೆ ಒಂದೇ ಬದಲಿ ಪದವೂ ಇಲ್ಲ. ಎರಡು ಗುಂಪು ಎನ್ನಲು ಇಷ್ಟು ಸಾಕು.

ನಾಲ್ಕನೇ ಹೆಜ್ಜೆ: ಜೋಡಿಸಿ ನೋಡುವುದು

ಒಂದು ಗುಂಪಿನ ಪಕ್ಕ ಅದೇ ಥರದ ಇನ್ನೊಂದನ್ನು ಸೇರಿಸಬಹುದಾದರೆ ಎರಡೂ ಘಟಕಗಳು. ಭಾಷಾಶಾಸ್ತ್ರಜ್ಞ ನೋಮ್ ಚಾಮ್ಸ್ಕಿ 1957ರಲ್ಲಿ ಘಟಕಗಳನ್ನು ಗುರುತಿಸಲು ಈ ಜೋಡಣೆಯನ್ನೇ ಒಂದು ಅಳತೆಗೋಲಾಗಿ ಬಳಸಿದರು. ಕನ್ನಡದಲ್ಲಿ ನಮಗೆ ಒಂದಲ್ಲ, ಎರಡು ಅಂಟು ಇವೆ: "ಮತ್ತು" ಒಂದು, "-ಊ -ಊ" ಇನ್ನೊಂದು. ಎರಡೂ ಒಂದೇ ಜಾಗದಲ್ಲಿ ಅಂಟುವುದಿಲ್ಲ. ಈ ಭಾಗಕ್ಕೆ ಸಮಯ ಕೊಡಿ.

ತಂಗಿ ಹಳೇ ಪೆಟ್ಟಿಗೆಯನ್ನೂ ಹೊಸ ಚೀಲವನ್ನೂ ಮಂಚದ ಕೆಳಗೆ ಇಟ್ಟಳು.
ತಂಗಿ ಹಳೇ ಪೆಟ್ಟಿಗೆ ಮತ್ತು ಹೊಸ ಚೀಲವನ್ನು ಮಂಚದ ಕೆಳಗೆ ಇಟ್ಟಳು.
*ತಂಗಿ ಹಳೇ ಪೆಟ್ಟಿಗೆಯೂ ಹೊಸ ಚೀಲವನ್ನೂ ಮಂಚದ ಕೆಳಗೆ ಇಟ್ಟಳು.

"ಅನ್ನು" ಎಂಬ ವಿಭಕ್ತಿ ಪ್ರತ್ಯಯ ಎಲ್ಲಿದೆ ಎಂದು ಗಮನಿಸಲು ಹೇಳಿ. ಮೊದಲ ವಾಕ್ಯದಲ್ಲಿ ಎರಡು ಸಲ ಬಂದಿದೆ. ಎರಡನೆಯದರಲ್ಲಿ ಒಂದೇ ಸಲ, ಕೊನೆಯಲ್ಲಿ. ಆದರೂ ಪೆಟ್ಟಿಗೆಯನ್ನೂ ಇಟ್ಟಳು, ಚೀಲವನ್ನೂ ಇಟ್ಟಳು. ಹಾಗಾದರೆ ಆ "ಅನ್ನು" ಚೀಲ ಎಂಬ ಒಂದು ಪದಕ್ಕೆ ಹತ್ತಿದ್ದಲ್ಲ. ಹೀಗೆ ಆವರಣ ಹಾಕಿ ತೋರಿಸಿ:

[ [ಹಳೇ ಪೆಟ್ಟಿಗೆ] ಮತ್ತು [ಹೊಸ ಚೀಲ] ] + ಅನ್ನು

ಶಾಲೆಯಿಂದಲೂ ಪ್ರತ್ಯಯ ಪದಕ್ಕೆ ಹತ್ತುತ್ತದೆ ಎಂದು ಓದಿಕೊಂಡು ಬಂದವರಿಗೆ ಇದು ನಿಜವಾಗಿಯೂ ಹೊಸದು. ಬರೆಯುವಾಗ "ಚೀಲವನ್ನು" ಒಂದೇ ಪದ. ಆದರೆ ಗುಂಪಿನ ಗಡಿ ಆ ಪದದ ಒಳಗೇ ಹಾದುಹೋಗುತ್ತಿದೆ. "ಆ" ಮುಂದಿಟ್ಟಾಗ "ಅದನ್ನು" ಕೈಕೊಟ್ಟಿತ್ತಲ್ಲ, ಅಲ್ಲಿ ಅನುಮಾನದಲ್ಲಿ ಉಳಿದಿದ್ದ "ಹಳೇ ಪೆಟ್ಟಿಗೆ" ಇಲ್ಲಿ ಪಾಸಾಯಿತು.

ಜೋಡಿಸುವ ಎರಡೂ ಗುಂಪುಗಳು ವಾಕ್ಯದಲ್ಲಿ ಒಂದೇ ಕೆಲಸ ಮಾಡುತ್ತಿರಬೇಕು. "*ತಂಗಿ ಪೆಟ್ಟಿಗೆಯನ್ನೂ ಮಂಚದ ಕೆಳಗೂ ಇಟ್ಟಳು" ಎಂದರೆ ಎರಡೂ ಘಟಕಗಳೇ ಆದರೂ ಅಂಟುವುದಿಲ್ಲ.

ಕ್ರಿಯಾಪದಗಳ ವಿಷಯದಲ್ಲಿ ಎಚ್ಚರ ಬೇಕು. "*ತಂಗಿ ಪೆಟ್ಟಿಗೆಯನ್ನು ತಂದಳೂ ಮಂಚದ ಕೆಳಗೆ ಇಟ್ಟಳೂ" ಎಂದು ಯಾರೂ ಹೇಳುವುದಿಲ್ಲ. "-ಊ" ಪೂರ್ತಿಯಾದ ಕ್ರಿಯಾಪದದ ಮೇಲೆ ಕೂರುವುದಿಲ್ಲ. ನಾವು "ತಂದು ಇಟ್ಟಳು" ಎನ್ನುತ್ತೇವೆ. ಹಾಗಾಗಿ ಇಲ್ಲಿ ಬಂದ ನಕ್ಷತ್ರ "-ಊ" ಬಗ್ಗೆ ಹೇಳುತ್ತದೆ, ಗುಂಪಿನ ಬಗ್ಗೆ ಅಲ್ಲ. "ಮಂಚದ ಕೆಳಗೆ ಇಟ್ಟಳೋ ಬಾಗಿಲ ಹಿಂದೆ ಬಚ್ಚಿಟ್ಟಳೋ ಗೊತ್ತಿಲ್ಲ" ಎಂದು "-ಓ" ಹಾಕಿದರೆ ನಿಲ್ಲುತ್ತದೆ. ಆದರೆ ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಮಾತಾಡುವುದು ಮಾಮೂಲಿ. ಅಲ್ಲಿ ಜೋಡಿಸಿದ್ದು ಬರೀ ಕ್ರಿಯೆಯ ಗುಂಪುಗಳನ್ನೋ, "ಅವಳು" ಬಿಟ್ಟುಹೋದ ಎರಡು ಪೂರ್ತಿ ವಾಕ್ಯಗಳನ್ನೋ ಎಂದು ಈ ಪರೀಕ್ಷೆ ಒಂದರಿಂದಲೇ ತಿಳಿಯುವುದಿಲ್ಲ. ಅದಕ್ಕೆ "ಹಾಗೇ ಮಾಡಿದ" ಪರೀಕ್ಷೆಯನ್ನೇ ನಂಬಿ.

ಜೋಡಿಸುವ ಪರೀಕ್ಷೆ ಕೆಲವೊಮ್ಮೆ ಅತಿ ಉದಾರ. "ಅವನು ಅಕ್ಕನಿಗೆ ಪುಸ್ತಕವನ್ನೂ ತಮ್ಮನಿಗೆ ಪೆನ್ನನ್ನೂ ಕೊಟ್ಟ" ಎಂಬುದು ಚೆಂದದ ಕನ್ನಡ. ಇದನ್ನು ನೋಡಿ "ಅಕ್ಕನಿಗೆ ಪುಸ್ತಕವನ್ನು" ಒಂದು ಘಟಕ ಎಂದು ಬರೆದುಬಿಡಬೇಡಿ. ಅದರ ಜಾಗದಲ್ಲಿ ಇಡಲು ಒಂದು ಪದ ಸಿಗುತ್ತದೆಯೇ ಎಂದು ಹುಡುಕಿ. ಇಲ್ಲ. ಜೋಡಣೆ ಹೌದು ಎಂದು, ಬದಲಿ ಇಲ್ಲ ಎಂದಾಗ ನಾನು ಜೋಡಣೆಯ ಮಾತಿಗೆ ಕಡಿಮೆ ತೂಕ ಕೊಡುತ್ತೇನೆ.

ಐದನೇ ಹೆಜ್ಜೆ: ಎರಡು ಅರ್ಥದ ವಾಕ್ಯಕ್ಕೆ ಮೂರೂ ಹಚ್ಚುವುದು

ಬೋರ್ಡು ಒರೆಸಿ, ಎರಡನೇ ವಾಕ್ಯ ಬರೆಯಿರಿ:

ಅವರು ಹಳೇ ಮನೆಯ ಬಾಗಿಲನ್ನು ಮಾರಿದರು.

"ಹಳೇದು ಯಾವುದು?" ಎಂದು ಕೇಳಿ ಸುಮ್ನೆ ನಿಲ್ಲಿ. ಕೆಲವರು ಮನೆ ಎನ್ನುತ್ತಾರೆ, ಕೆಲವರು ಬಾಗಿಲು ಎನ್ನುತ್ತಾರೆ. ಇಬ್ಬರೂ ಸರಿ. ಪದಗಳು ಅವೇ, ಕ್ರಮವೂ ಅದೇ. ಬೇರೆ ಇರುವುದು ಗುಂಪು ಕಟ್ಟಿಕೊಂಡ ರೀತಿ:

ಒಂದು: [ಹಳೇ ಮನೆ]ಯ ಬಾಗಿಲು
ಎರಡು: ಹಳೇ [ಮನೆಯ ಬಾಗಿಲು]

ಬದಲಿ ಇಡೋಣ. "ಅವರು ಅದರ ಬಾಗಿಲನ್ನು ಮಾರಿದರು." "ಅದರ" ಎಂಬುದು "ಹಳೇ ಮನೆಯ" ಎಂಬ ಎರಡು ಪದವನ್ನು ಒಟ್ಟಿಗೆ ತೆಗೆದುಕೊಂಡಿತು. ಇಲ್ಲಿ ಮೊದಲ ಅರ್ಥ ಮಾತ್ರ ಉಳಿಯುತ್ತದೆ. ಎರಡನೇ ಅರ್ಥಕ್ಕೆ: "ಹೊಸ ಮನೆಯ ಬಾಗಿಲನ್ನು ಇಟ್ಟುಕೊಂಡು ಹಳೇದನ್ನು ಮಾರಿದರು." ಇಲ್ಲಿ "-ದು" ಎಂಬುದು "ಮನೆಯ ಬಾಗಿಲು" ಎಂಬ ಗುಂಪಿನ ಬದಲಿಗೆ ಬಂದಿದೆ, ಹಳೇದು ಬಾಗಿಲೇ. ಮೊದಲ ಅರ್ಥ ಬೇಕಿದ್ದರೆ ನಾವು "ಹಳೇ ಮನೆಯದನ್ನು ಮಾರಿದರು" ಎನ್ನುತ್ತಿದ್ದೆವು. "ಹಳೇದು", "ಹಳೇ ಮನೆಯದು" ಇವೆರಡನ್ನೂ ಮೇಲೆ ಕೆಳಗೆ ಬರೆದು ಸ್ವಲ್ಪ ಹೊತ್ತು ಹಾಗೇ ಬಿಡಿ.

ಸರಿಸೋಣ. "ಮನೆಯ ಹಳೇ ಬಾಗಿಲನ್ನು ಮಾರಿದರು" ಎಂದರೆ ಬಾಗಿಲೇ ಹಳೇದು, ಬೇರೆ ಅರ್ಥವೇ ಇಲ್ಲ. "ಅವರು ಮಾರಿದ ಬಾಗಿಲು ಹಳೇ ಮನೆಯದು" ಎಂದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಹಳೇ ಮನೆ. ಆದರೆ "ಅವರು ಮಾರಿದ್ದು ಹಳೇ ಮನೆಯ ಬಾಗಿಲನ್ನು" ಎಂದು ಮಾಡಿದರೆ ಎರಡೂ ಅರ್ಥ ಹಾಗೇ ಉಳಿಯುತ್ತವೆ. ಯಾಕೆ ಎಂದು ಅವರೇ ಹೇಳಲಿ: ಇಡೀ ಮೂರು ಪದವನ್ನು ಒಟ್ಟಿಗೆ ಸರಿಸಿದ್ದೇವೆ, ಒಳಗಿನ ಗಡಿಯನ್ನು ಮುಟ್ಟಲೇ ಇಲ್ಲ. ಪರೀಕ್ಷೆ ಸರಿಯಾದ ಗಡಿಯ ಮೇಲೆ ಬೀಳಬೇಕು.

ಜೋಡಿಸೋಣ. "ಹಳೇ ಮನೆಯ ಮತ್ತು ಹೊಸ ಅಂಗಡಿಯ ಬಾಗಿಲುಗಳನ್ನು ಮಾರಿದರು" ಎಂದಾಗ ಹಳೇದು ಮನೆ. "ಹಳೇ ಮನೆಯ ಬಾಗಿಲು ಮತ್ತು ಅಂಗಡಿಯ ಕಿಟಕಿಯನ್ನು ಮಾರಿದರು" ಎಂದು ಬರೆದು, "ಕಿಟಕಿಯೂ ಹಳೇದೇ?" ಎಂದು ಕೇಳಿ. ಹೌದು ಎನ್ನುವವರ ಕಿವಿಯಲ್ಲಿ "ಮನೆಯ ಬಾಗಿಲು" ಒಂದು ಗುಂಪು, "ಅಂಗಡಿಯ ಕಿಟಕಿ" ಇನ್ನೊಂದು, "ಹಳೇ" ಎರಡರ ಹೊರಗೆ ನಿಂತಿದೆ. ಅದು ಎರಡನೇ ಅರ್ಥ.

ಮನೆಗೆ ಕೊಟ್ಟು ಕಳಿಸಬೇಕಾದ ವಾಕ್ಯ

ನಾನು ನಿನ್ನೆ ಬಂದ ಹುಡುಗನನ್ನು ನೋಡಿದೆ.

ನಿನ್ನೆ ಆಗಿದ್ದು ಬರುವುದೋ, ನೋಡುವುದೋ? ಎರಡಕ್ಕೂ ಬೇರೆ ಬೇರೆ ಆವರಣ ಹಾಕಿ, ಮೂರು ಪರೀಕ್ಷೆಗಳಲ್ಲಿ ಕನಿಷ್ಠ ಎರಡನ್ನು ಮಾಡಿಕೊಂಡು ಬರಲಿ. ನೀವು ನೋಡಬೇಕಾದ ಉತ್ತರ ಹೀಗಿರುತ್ತದೆ. "ನಾನು ಅವನನ್ನು ನೋಡಿದೆ" ಎಂದು ಬದಲಿ ಇಟ್ಟವರು "ನಿನ್ನೆ ಬಂದ ಹುಡುಗನನ್ನು" ಎಂಬುದನ್ನು ಒಂದು ಗುಂಪು ಮಾಡಿದ್ದಾರೆ. "ನಾನು ನಿನ್ನೆ ಅವನನ್ನು ನೋಡಿದೆ" ಎಂದವರು "ನಿನ್ನೆ" ಎಂಬುದನ್ನು ಹೊರಗೆ ಬಿಟ್ಟಿದ್ದಾರೆ. "ನಿನ್ನೆ ನಾನು ಬಂದ ಹುಡುಗನನ್ನು ನೋಡಿದೆ" ಎಂದು ಸರಿಸಿದವರಿಗೆ ನೋಡಿದ್ದು ನಿನ್ನೆ ಎಂಬ ಅರ್ಥ ಮಾತ್ರ ಉಳಿದಿರುತ್ತದೆ. ಯಾರಾದರೂ "ನಿನ್ನೆ ಬಂದ ಹುಡುಗನನ್ನು ನಾನು ನೋಡಿದೆ" ಎಂದು ಬರೆದು, ಇದರಿಂದ ಒಂದೇ ಅರ್ಥ ಸಿಕ್ಕಿತು ಎಂದರೆ, ಅದನ್ನು ನಾಲ್ಕು ಸಲ ಗಟ್ಟಿಯಾಗಿ ಓದಿಸಿ. "ನಿನ್ನೆ" ಆದಮೇಲೆ ಉಸಿರು ನಿಲ್ಲಿಸಿ ಓದಿದಾಗ ಇನ್ನೊಂದು ಅರ್ಥವೂ ಅಲ್ಲೇ ಕೇಳಿಸುತ್ತದೆ.